ಪ್ಲಸ್ ದೊಡ್ಡದೋ ಪ್ರೊ ದೊಡ್ಡದೋ: ಸಾಫ್ಟ್‌ವೇರ್ ಪ್ಲಾನ್‌ಗಳಿಗೆ ಹೆಸರಿಡುವ ಬಗೆ

ಬೆಲೆಪಟ್ಟಿಯ ಪುಟ ತೆರೆದವರು ಓದಲೆಂದು ಕೂತಿರುವುದಿಲ್ಲ. ಮೂರು ನಾಲ್ಕು ಅಂಕಣಗಳ ಮೇಲೆ ಒಮ್ಮೆ ಕಣ್ಣಾಡಿಸಿ "ಇದರಲ್ಲಿ ನನ್ನದು ಯಾವುದು?" ಎಂದು ಹುಡುಕುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಪ್ಲಾನ್‌ನ ಹೆಸರು, ಆಮೇಲೆ ಬೆಲೆ. ಕೆಳಗಿರುವ ಟಿಕ್ ಗುರುತುಗಳ ಉದ್ದ ಪಟ್ಟಿಯನ್ನು ನೋಡುವುದು ಆ ಎರಡರಿಂದ ಉತ್ತರ ಸಿಗದಿದ್ದಾಗ ಮಾತ್ರ.

ಹಾಗಾಗಿ ಹೆಸರು ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಇದು ಯಾರಿಗೆ? ಪಕ್ಕದ್ದಕ್ಕಿಂತ ಇದು ಮೇಲೋ ಕೆಳಗೋ? ಈ ಎರಡಕ್ಕೆ ಉತ್ತರ ಕೊಡುವ ಹೆಸರು ಸಪ್ಪೆಯಾಗಿದ್ದರೂ ನನಗೆ ಒಪ್ಪಿಗೆ. ಉತ್ತರ ಕೊಡದ ಹೆಸರು ಎಷ್ಟು ಚೆಂದವಿದ್ದರೂ ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವವರ ತಲೆನೋವಾಗುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಮೊದಲಿಂದ ಕೊನೆಯವರೆಗೆ ಹೋಗೋಣ. ಬಿಲ್ ಮಾಡುವ ಒಂದು ಸಾಫ್ಟ್‌ವೇರ್. ಇದು ಬೇರೆ ಬೇರೆ ಕೆಲಸಗಳಲ್ಲಿ ಕಂಡ ತೊಡಕುಗಳನ್ನು ಒಂದೆಡೆ ಸೇರಿಸಿ ನಾನೇ ಕಟ್ಟಿಕೊಂಡದ್ದು. ಅದರ ನಾಲ್ಕು ಪ್ಲಾನ್‌ಗಳು ಲೈಟ್, ಪ್ಲಸ್, ಪ್ರೊ, ಮ್ಯಾಕ್ಸ್. ಲೈಟ್‌ನಲ್ಲಿ ಒಬ್ಬರು ತಿಂಗಳಿಗೆ 20 ಬಿಲ್ ಮಾಡಬಹುದು, ಹಣ ಕೊಡಬೇಕಿಲ್ಲ. ಪ್ಲಸ್‌ನಲ್ಲಿ ಒಬ್ಬರೇ, ಆದರೆ ಬಿಲ್ ಎಷ್ಟಾದರೂ ಮಾಡಬಹುದು, ತಮ್ಮ ಲೋಗೊ ಹಾಕಬಹುದು. ಪ್ರೊನಲ್ಲಿ 5 ಜನರವರೆಗೆ, ಜೊತೆಗೆ ಒಬ್ಬರು ಮಾಡಿದ ಬಿಲ್ಲನ್ನು ಇನ್ನೊಬ್ಬರು ಒಪ್ಪಿ ಕಳಿಸುವ ಏರ್ಪಾಡು. ಮ್ಯಾಕ್ಸ್‌ನಲ್ಲಿ 10 ಕಂಪನಿಗಳವರೆಗಿನ ಲೆಕ್ಕವನ್ನು ಒಂದೇ ಲಾಗಿನ್‌ನಲ್ಲಿ ನೋಡಬಹುದು.

ಪದೇ ಪದೇ ಬರುವ ಪ್ರಶ್ನೆ: "ನಾವು ಮೂರು ಜನ ಇದ್ದೇವೆ, ಪ್ಲಸ್ ಸಾಕಾ?" ಉತ್ತರ ಪುಟದಲ್ಲೇ ಇದೆ, ಹೆಸರಿನಲ್ಲಿ ಇಲ್ಲ.

ಮೊದಲು ಹೆಸರು ಅಳಿಸಿ, ಬೇಲಿ ಗುರುತಿಸಿ

ಹೊಸ ಹೆಸರು ಹುಡುಕಲು ಕೂರುವ ಮುಂಚೆ ಹಳೆಯದನ್ನೆಲ್ಲ ಅಳಿಸಿಬಿಡಿ. ಪ್ಲಾನ್‌ಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದಷ್ಟೇ ಕರೆಯಿರಿ. ಈಗ ಅಕ್ಕಪಕ್ಕದ ಪ್ರತಿ ಜೋಡಿಯ ನಡುವೆ ಒಂದು ವಾಕ್ಯ ಬರೆಯಿರಿ: "ಒಂದರಲ್ಲಿ ಇರುವವರಿಗೆ ಏನು ಆದಾಗ ಎರಡು ಬೇಕಾಗುತ್ತದೆ?" ಎರಡು ಪ್ಲಾನ್‌ಗಳ ನಡುವಿನ ಈ ಗಡಿಯನ್ನು ನಾನು ಬೇಲಿ ಎನ್ನುತ್ತೇನೆ. ಒಂದು ಬೇಲಿಗೆ ಒಂದೇ ಕಾರಣ ಬರೆಯಬೇಕು. ಐದು ಕಾರಣ ಹೊಳೆದರೆ, ಜನ ನಿಜವಾಗಿ ಹಣ ಕಟ್ಟುವುದು ಅವುಗಳಲ್ಲಿ ಯಾವುದಕ್ಕೆ ಎಂದು ಕೇಳಿಕೊಳ್ಳಿ. ಮೇಲಿನ ಪ್ಲಾನ್‌ಗೆ ಹೋದವರು ಅಲ್ಲಿ ಮೊದಲ ವಾರ ಏನು ಮಾಡಿದರು ಎಂದು ದಾಖಲೆಯಲ್ಲಿ ನೋಡಿದರೆ ಸಾಮಾನ್ಯವಾಗಿ ಉತ್ತರ ಅಲ್ಲೇ ಇರುತ್ತದೆ. ಪ್ರೊಗೆ ಬಂದವರು ಮೊದಲ ದಿನವೇ ಎರಡನೇ ಬಳಕೆದಾರರನ್ನು ಸೇರಿಸಿದ್ದರೆ ಬೇಲಿ ಬಳಸುವವರ ಸಂಖ್ಯೆಯದು. ಒಪ್ಪಿಗೆಯ ಏರ್ಪಾಡನ್ನು ಆನ್ ಮಾಡಿದ್ದರೆ ಬೇಲಿ ಅದು.

ನಮ್ಮ ಉದಾಹರಣೆಯಲ್ಲಿ ಮೂರು ಬೇಲಿಗಳು ಹೀಗೆ ಬರುತ್ತವೆ. ಒಂದರಿಂದ ಎರಡಕ್ಕೆ: ತಿಂಗಳಿಗೆ 20 ಬಿಲ್ ಸಾಲದಾದಾಗ. ಎರಡರಿಂದ ಮೂರಕ್ಕೆ: ಇನ್ನೊಬ್ಬರೂ ಬಿಲ್ ಮಾಡಬೇಕಾದಾಗ. ಮೂರರಿಂದ ನಾಲ್ಕಕ್ಕೆ: ಎರಡನೇ ಕಂಪನಿಯ ಲೆಕ್ಕ ಬಂದಾಗ.

ಬರೆದ ಮೇಲೆ ಕಾಣುತ್ತದೆ, ಮೂರೂ ಬೇರೆ ಬೇರೆ ಜಾತಿಯ ಬೇಲಿಗಳು. ಮೊದಲನೆಯದು ಎಷ್ಟು ಎನ್ನುವುದು, ಎರಡನೆಯದು ಎಷ್ಟು ಜನ ಎನ್ನುವುದು, ಮೂರನೆಯದು ಎಷ್ಟು ಕಂಪನಿ ಎನ್ನುವುದು. ಲೈಟ್, ಪ್ಲಸ್, ಪ್ರೊ, ಮ್ಯಾಕ್ಸ್ ಎಂಬ ಹೆಸರುಗಳು ಇದನ್ನು ಮುಚ್ಚಿಹಾಕಿ, ಒಂದೇ ವಸ್ತು ಕ್ರಮವಾಗಿ ದೊಡ್ಡದಾಗುತ್ತ ಹೋಗುತ್ತದೆ ಎಂಬ ಭ್ರಮೆ ಹುಟ್ಟಿಸುತ್ತಿದ್ದವು. ಮೂವರ ಕಚೇರಿಗೆ ಪ್ಲಸ್ ಸಾಕೆನಿಸಿದ್ದು ಅದಕ್ಕೇ. ಅವರದು ಸಣ್ಣ ಕಚೇರಿ, ಬಿಲ್‌ಗಳೂ ಕಡಿಮೆ. 'ಪ್ರೊ' ಎನ್ನುವುದು ಯಾರೋ ದೊಡ್ಡವರಿಗೆ ಎಂದುಕೊಂಡರು.

ಎಲ್ಲರಿಗೂ ಇಂಥ ಸಿಕ್ಕು ಇರುವುದಿಲ್ಲ. ನೆಟ್‌ಫ್ಲಿಕ್ಸ್ ಬಹುಕಾಲ ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಎಂದು ಮೂರು ಪ್ಲಾನ್ ಇಟ್ಟಿತ್ತು. ಏಕಕಾಲಕ್ಕೆ ನೋಡಬಹುದಾದ ಪರದೆಗಳು 1, 2, 4. ಚಿತ್ರದ ಗುಣಮಟ್ಟವೂ ಅದರ ಜೊತೆಗೇ ಏರುತ್ತಿತ್ತು. ಎಲ್ಲವೂ ಒಂದೇ ದಿಕ್ಕಿಗೆ ಏರುವಾಗ ಮೆಟ್ಟಿಲಿನಂಥ ಹೆಸರು ಸಾಕು. ನಿಮ್ಮ ಬೇಲಿಗಳೂ ಹಾಗಿದ್ದರೆ ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಬೇಸಿಕ್‌–ಸ್ಟ್ಯಾಂಡರ್ಡ್‌–ಪ್ರೀಮಿಯಂ ಇಟ್ಟು ಮುಂದೆ ಹೋಗಿ.

ಬೇಲಿಯ ವಾಕ್ಯವನ್ನೇ ಬರೆಯಲಾಗದಿದ್ದರೆ? ಆಗ ತಪ್ಪು ಹೆಸರಿನದಲ್ಲ, ಪ್ಲಾನ್‌ನದು. ಹಂಚುವಾಗ ಯಾರೋ ಒಂದಷ್ಟು ಸೌಲಭ್ಯಗಳನ್ನು ಅಂದಾಜಿನ ಮೇಲೆ ಅತ್ತಿತ್ತ ಹಾಕಿದ್ದಾರೆ ಎಂದರ್ಥ. ಅಂಥ ಎರಡು ಪ್ಲಾನ್‌ಗಳನ್ನು ಒಂದಾಗಿಸಲು ಆಗುತ್ತದೆಯೇ ನೋಡಿ. ಹೆಸರಿಡಲು ಕೂತ ಸಭೆ ಎರಡು ಗಂಟೆ ದಾಟಿದರೆ ಬಹುತೇಕ ಸಲ ಕಾರಣ ಇದೇ ಆಗಿರುತ್ತದೆ. ಆದರೆ ಸಭೆಯಲ್ಲಿ ಅದನ್ನು ಹೇಳುವವರು ಕಡಿಮೆ, ಬೆಲೆ ತೀರ್ಮಾನಿಸಿದವರು ಅಲ್ಲೇ ಕೂತಿರುತ್ತಾರೆ.

ಒಂದೇ ಕುಲದ ಹೆಸರು ಆರಿಸಿ

ಪ್ಲಾನ್ ಹೆಸರುಗಳು ಮುಖ್ಯವಾಗಿ ಮೂರು ಕುಲದವು. ಮೊದಲನೆಯದು ಮೆಟ್ಟಿಲಿನ ಹೆಸರು: ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ. ಎರಡನೆಯದು ಬಳಸುವವರ ಹೆಸರು: ಸೋಲೊ, ಟೀಮ್, ಎಂಟರ್‌ಪ್ರೈಸ್. ಮೂರನೆಯದು ಅಳತೆಯ ಹೆಸರು: 5 ಜನ, 100 ಜಿಬಿ, 10 ಸೈಟ್. ಚಿನ್ನ ಬೆಳ್ಳಿ ಕಂಚು ಮೆಟ್ಟಿಲಿನ ಕುಲಕ್ಕೇ ಸೇರುತ್ತವೆ. ಪದಕಗಳ ಕ್ರಮ ಎಲ್ಲರಿಗೂ ಗೊತ್ತು. ಆದರೆ ಪ್ಲಾಟಿನಂ ಮತ್ತು ಡೈಮಂಡ್ ಸೇರಿಸಿದ ಕೂಡಲೇ ಯಾವುದು ಮೇಲೆ ಎಂದು ಹೇಳಲಾಗದು. ಇನ್ನೊಂದು ಮಾತು, ಹಣ ಕೊಟ್ಟು ಕಂಚು ಕೊಳ್ಳಲು ಯಾರಿಗೂ ಹುಮ್ಮಸ್ಸು ಬರುವುದಿಲ್ಲ.

ಕುಲ ಆರಿಸುವುದು ಬೇಲಿಯನ್ನು ನೋಡಿ. ಒಂದೇ ಸಂಖ್ಯೆ ಏರುತ್ತದೆಯಾದರೆ ಅಳತೆಯ ಹೆಸರು ಅತ್ಯಂತ ಪ್ರಾಮಾಣಿಕ. ಬೇರೆ ಬೇರೆ ರೀತಿಯ ಜನ ಬೇರೆ ಬೇರೆ ಕಾರಣಕ್ಕೆ ಬರುತ್ತಾರಾದರೆ ಬಳಸುವವರ ಹೆಸರು. ಎಲ್ಲ ಸೌಲಭ್ಯವೂ ಒಟ್ಟಿಗೆ ಏರುತ್ತವೆ, ಯಾರು ಬೇಕಾದರೂ ಯಾವುದನ್ನಾದರೂ ಕೊಳ್ಳಬಹುದು ಎಂದಾದರೆ ಮೆಟ್ಟಿಲು.

ಮೆಟ್ಟಿಲಿನ ಹೆಸರಿನಲ್ಲಿ ಒಂದು ಅಪಾಯವಿದೆ. ಪ್ಲಸ್, ಪ್ರೊ, ಪ್ರೀಮಿಯಂ, ಅಡ್ವಾನ್ಸ್ಡ್ ಇವುಗಳಿಗೆ ತಮ್ಮೊಳಗೇ ಒಂದು ಕ್ರಮವಿಲ್ಲ. ಒಂದು ಕಡೆ ಪ್ಲಸ್ ಕೆಳಗಿರುತ್ತದೆ, ಇನ್ನೊಂದು ಕಡೆ 'ಬಿಸಿನೆಸ್ ಪ್ಲಸ್' ಮೇಲಿರುತ್ತದೆ. ಬೇಸಿಕ್ ಕೂಡ ನಂಬುವಂತಿಲ್ಲ: ಜೂಮ್‌ನಲ್ಲಿ ಅದು ಪುಕ್ಕಟೆ, ನೆಟ್‌ಫ್ಲಿಕ್ಸ್‌ನಲ್ಲಿ ಹಣ ಕೊಟ್ಟು ಕೊಳ್ಳುವ ಪ್ಲಾನ್ ಆಗಿತ್ತು. ಪುಕ್ಕಟೆಯದಕ್ಕೆ ಫ್ರೀ ಎಂದೇ ಹೆಸರಿಡಿ. ಅದಕ್ಕಿಂತ ಬೇಗ ಅರ್ಥವಾಗುವ ಪದ ಇನ್ನೊಂದಿಲ್ಲ.

ಎರಡು ಕುಲಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾವನ್ನು ನೋಡಬೇಕು. ಅದು ಚಂದಾ ಸಾಫ್ಟ್‌ವೇರ್ ಅಲ್ಲ, ಆದರೆ ಪಾಠ ಅದೇ. ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ, ಬಿಸಿನೆಸ್, ಅಲ್ಟಿಮೇಟ್ ಎಂಬ ನಾಲ್ಕು ಅಂಗಡಿಯಲ್ಲಿ ಸಿಗುತ್ತಿದ್ದವು. ಸ್ಟಾರ್ಟರ್ ಮತ್ತು ಎಂಟರ್‌ಪ್ರೈಸ್ ಬೇರೆ ದಾರಿಯಲ್ಲಿ ಸಿಗುತ್ತಿದ್ದವು. ಹೋಮ್, ಬಿಸಿನೆಸ್ ಎಂಬುದು ಯಾರಿಗೆ ಎಂದು ಹೇಳುತ್ತದೆ. ಬೇಸಿಕ್, ಪ್ರೀಮಿಯಂ, ಅಲ್ಟಿಮೇಟ್ ಎಂಬುದು ಎಷ್ಟು ಎಂದು ಹೇಳುತ್ತದೆ. ಹೀಗಿರುವಾಗ ಹೋಮ್ ಪ್ರೀಮಿಯಂ ದೊಡ್ಡದೋ ಬಿಸಿನೆಸ್ ದೊಡ್ಡದೋ? ಟಿವಿ, ಸಿನಿಮಾ ನೋಡಲು ಬೇಕಾದ ಮೀಡಿಯಾ ಸೆಂಟರ್ ಹೋಮ್ ಪ್ರೀಮಿಯಂನಲ್ಲಿ ಇತ್ತು, ಬಿಸಿನೆಸ್‌ನಲ್ಲಿ ಇರಲಿಲ್ಲ. ಕಚೇರಿಯ ನೆಟ್‌ವರ್ಕ್ ಡೊಮೇನ್‌ಗೆ ಸೇರುವ ಸೌಲಭ್ಯ ಬಿಸಿನೆಸ್‌ನಲ್ಲಿ ಇತ್ತು, ಹೋಮ್ ಪ್ರೀಮಿಯಂನಲ್ಲಿ ಇರಲಿಲ್ಲ. ಯಾವುದೂ ಇನ್ನೊಂದರ ಮೇಲಿನ ಮೆಟ್ಟಿಲಲ್ಲ. ಎರಡೂ ಬೇಕೆಂದವರು ಅಲ್ಟಿಮೇಟ್ ಕೊಳ್ಳಬೇಕಿತ್ತು. ಸಾಲಾಗಿ ಜೋಡಿಸಿಟ್ಟ ನಾಲ್ಕು ಡಬ್ಬಿಗಳು ಮೆಟ್ಟಿಲಿನಂತೆ ಕಾಣುತ್ತಿದ್ದವು, ಒಳಗಿನ ಸರಕು ಮಧ್ಯದಲ್ಲಿ ಕವಲೊಡೆದಿತ್ತು.

ನಮ್ಮ ಬಿಲ್ ಸಾಫ್ಟ್‌ವೇರ್‌ಗೆ ಬನ್ನಿ. ಬೇಲಿಗಳು ಹೇಳುವಂತೆ ಇಲ್ಲಿ ಬರುವ ಜನ ಮೂರು ಬಗೆ: ಒಬ್ಬರೇ ಕೆಲಸ ಮಾಡುವವರು, ಕೆಲವರಿರುವ ಕಚೇರಿಯವರು, ಹಲವು ಕಂಪನಿಗಳ ಲೆಕ್ಕ ನೋಡುವವರು. ಮೊದಲ ಬೇಲಿ ಮಾತ್ರ ಬೇರೆ. ಲೈಟ್ ಮತ್ತು ಪ್ಲಸ್ ಎರಡರಲ್ಲೂ ಇರುವುದು ಒಬ್ಬರೇ. ಆ ಎರಡನ್ನು ಬಿಡಿಸುವುದು ಹಣ ಕೊಡುವುದು ಮತ್ತು ಕೊಡದಿರುವುದು. ಆದ್ದರಿಂದ ಲೈಟ್ ಫ್ರೀ ಆಯಿತು, ಪ್ಲಸ್ ಸೋಲೊ ಆಯಿತು, ಪ್ರೊ ಟೀಮ್ ಆಯಿತು. ಕುಲ ಬೆರೆಸಬೇಡಿ ಎಂದು ಈಗಷ್ಟೇ ಹೇಳಿ ಫ್ರೀ ಸೇರಿಸಿದೆನಲ್ಲ ಎನ್ನಬಹುದು. ಫ್ರೀ ಯಾವ ಕುಲದ ಜೊತೆಗೂ ಹೊಂದಿಕೊಳ್ಳುತ್ತದೆ, ಏಕೆಂದರೆ ಅದರ ಜಾಗದ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಗಿಟ್‌ಹಬ್‌ನ ಫ್ರೀ, ಟೀಮ್, ಎಂಟರ್‌ಪ್ರೈಸ್ ಹೆಸರುಗಳೂ ಹೀಗೇ ಇವೆ.

ಮ್ಯಾಕ್ಸ್ ಉಳಿಯಿತು. ಅದನ್ನು ಕೊಂಡವರಲ್ಲಿ ಹೆಚ್ಚಿನವರು ಹಲವು ಗ್ರಾಹಕರ ಲೆಕ್ಕ ಬರೆಯುವ ಅಕೌಂಟೆಂಟ್‌ಗಳು. ಅಕೌಂಟೆಂಟ್ ಎಂದೇ ಇಟ್ಟರೆ ಸರಿಯಲ್ಲವೇ? ಕಾಗದದ ಮೇಲೆ ಸರಿಯೇ. ಅದರ ಗತಿ ಏನಾಯಿತು ಎಂದು ಪರೀಕ್ಷೆಯ ಭಾಗದಲ್ಲಿ ಹೇಳುತ್ತೇನೆ.

ಮೇಲೆ ಜಾಗ ಬಿಡಿ

ಮ್ಯಾಕ್ಸ್, ಅಲ್ಟಿಮೇಟ್, ಅನ್‌ಲಿಮಿಟೆಡ್ ಎಂಬ ಹೆಸರುಗಳಿಗೆ ಮೇಲೆ ಇನ್ನೊಂದು ಮಹಡಿ ಕಟ್ಟಲಾಗುವುದಿಲ್ಲ. ಮುಂದಿನ ವರ್ಷ ಅದಕ್ಕಿಂತ ದೊಡ್ಡ ಪ್ಲಾನ್ ಬಂದರೆ 'ಮ್ಯಾಕ್ಸ್ ಪ್ಲಸ್' ಎಂಬ ವಿಚಿತ್ರ ಪ್ರಾಣಿ ಹುಟ್ಟುತ್ತದೆ. ಅನ್‌ಲಿಮಿಟೆಡ್ ಇನ್ನೂ ಕೆಟ್ಟದ್ದು. ಅದು ಹೆಸರಲ್ಲ, ಮಾತು ಕೊಟ್ಟಂತೆ. ಯಾವುದೋ ಮೂಲೆಯಲ್ಲಿ ಮಿತಿ ಇದ್ದೇ ಇರುತ್ತದೆ, ಅದನ್ನು ಮುಟ್ಟಿದ ಮೊದಲ ಗ್ರಾಹಕ ಹೆಸರನ್ನೇ ತೋರಿಸಿ ಜಗಳಕ್ಕೆ ನಿಲ್ಲುತ್ತಾನೆ.

ಚೀಟಿ ಕಲಸಿ ಪರೀಕ್ಷಿಸಿ

ಈಗ ಹೆಸರುಗಳನ್ನು ಜನರ ಮುಂದಿಡಿ. "ಈ ಹೆಸರು ಇಷ್ಟವಾಯಿತೇ?" ಎಂದು ಕೇಳಬೇಡಿ. ಕೇಳಿದರೆ ಎಲ್ಲರೂ ಇಷ್ಟವಾಯಿತು ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೆಸರು ಇಷ್ಟವಾಗಬೇಕಿಲ್ಲ, ಕೆಲಸ ಮಾಡಬೇಕು. ಎಂಟು ಹತ್ತು ಜನ ಸಾಕು, ಆದರೆ ನಿಮ್ಮ ಸಾಫ್ಟ್‌ವೇರ್ ನೋಡಿರದವರೇ ಆಗಬೇಕು. ಸಹೋದ್ಯೋಗಿಗಳು ಈ ಕೆಲಸಕ್ಕೆ ಬರುವುದಿಲ್ಲ, ಅವರಿಗೆ ಉತ್ತರ ಮೊದಲೇ ಗೊತ್ತು.

ಪರೀಕ್ಷೆ ಎರಡು. ಮೊದಲನೆಯದರಲ್ಲಿ ನಾಲ್ಕು ಚೀಟಿಗಳ ಮೇಲೆ ಹೆಸರು ಮಾತ್ರ ಬರೆದು, ಕಲಸಿ ಕೊಡಿ. ಬೆಲೆ, ಸೌಲಭ್ಯ ಏನೂ ಇರಬಾರದು. "ಕಡಿಮೆ ಬೆಲೆಯದರಿಂದ ಹೆಚ್ಚಿನದಕ್ಕೆ ಜೋಡಿಸಿ" ಎನ್ನಿ. ಅವರು ಎಲ್ಲಿ ಕೈ ತಡೆದರು, ಯಾವ ಎರಡು ಚೀಟಿಗಳನ್ನು ಅದಲುಬದಲು ಮಾಡಿದರು ಎಂದು ಗಮನಿಸಿ. ಕೊನೆಗೆ ಸರಿಯಾಗಿ ಜೋಡಿಸಿದರೂ ಕೈ ತಡೆದದ್ದು ಲೆಕ್ಕಕ್ಕೆ ಬರುತ್ತದೆ. ಪ್ಲಸ್ ಮತ್ತು ಪ್ರೊ ಚೀಟಿಗಳನ್ನು ಹಿಡಿದವರ ಕೈ ಗಾಳಿಯಲ್ಲಿ ನಿಲ್ಲುವುದನ್ನು ನೋಡಿದರೆ ಈ ಲೇಖನದ ಅರ್ಧ ಭಾಗ ಓದುವ ಅಗತ್ಯವಿರುವುದಿಲ್ಲ.

ಎರಡನೆಯದು ಹೆಚ್ಚು ಮುಖ್ಯ. ಪ್ರತಿ ಪ್ಲಾನ್‌ಗೂ ಒಂದೊಂದು ಪುಟ್ಟ ಸನ್ನಿವೇಶ ಬರೆಯಿರಿ, ಜೊತೆಗೆ ಬೇಲಿಯ ಹತ್ತಿರವೇ ನಿಂತಿರುವ ಒಂದೆರಡನ್ನು ಸೇರಿಸಿ. ಪ್ಲಾನ್ ಹೆಸರಿನಲ್ಲಿರುವ ಪದ ಸನ್ನಿವೇಶದಲ್ಲಿ ಬರಬಾರದು, ಬಂದರೆ ಉತ್ತರ ಹೇಳಿಕೊಟ್ಟಂತೆ. ಬಿಲ್ ಸಾಫ್ಟ್‌ವೇರ್‌ಗೆ ಇಂಥವು:

- ಮನೆಯಿಂದ ಅನುವಾದ ಮಾಡುವವರು, ತಿಂಗಳಿಗೆ 30 ಬಿಲ್ ಕಳಿಸುತ್ತಾರೆ.
- ದುರಸ್ತಿ ಅಂಗಡಿ, ಮಾಲೀಕರ ಜೊತೆ ಕೌಂಟರಿನಲ್ಲಿರುವ ಇಬ್ಬರೂ ಬಿಲ್ ಮಾಡುತ್ತಾರೆ, ತಿಂಗಳಿಗೆ 15 ಮಾತ್ರ.
- ಒಬ್ಬರೇ ಮಾಲೀಕರು, ಆದರೆ ಮೂರು ಬೇರೆ ಬೇರೆ ವ್ಯಾಪಾರ, ಮೂರಕ್ಕೂ ಪ್ರತ್ಯೇಕ ಲೆಕ್ಕ.
- ಎಂಟು ಗ್ರಾಹಕರ ಪುಸ್ತಕ ಬರೆಯುವವರು.

ಪ್ರತಿ ಸನ್ನಿವೇಶ ಓದಿ, "ಇವರು ಯಾವುದನ್ನು ಕೊಳ್ಳಬೇಕು?" ಎಂದು ಕೇಳಿ. ಉತ್ತರದ ಜೊತೆಗೆ "ಯಾಕೆ?" ಎಂದೂ ಕೇಳಿ. ತಪ್ಪು ಉತ್ತರಕ್ಕಿಂತ ತಪ್ಪು ಕಾರಣ ಹೆಚ್ಚು ಹೇಳುತ್ತದೆ.

ಎರಡನೇ ಸನ್ನಿವೇಶ ಉದ್ದೇಶಪೂರ್ವಕವಾಗಿ ಇಟ್ಟ ಗಾಳ. ಬಿಲ್ ಕಡಿಮೆ, ಜನ ಹೆಚ್ಚು. ಹಳೆಯ ಹೆಸರುಗಳಲ್ಲಿ ಇದಕ್ಕೆ ಲೈಟ್ ಎಂದು ಉತ್ತರ ಬರುವ ಸಂಭವ ಹೆಚ್ಚು, ಏಕೆಂದರೆ ವ್ಯಾಪಾರ ಸಣ್ಣದು. ಟೀಮ್ ಎಂಬ ಚೀಟಿ ಇದ್ದಾಗ ಕಣ್ಣು ನೇರವಾಗಿ ಅಲ್ಲಿಗೆ ಹೋಗುತ್ತದೆ.

ಅಕೌಂಟೆಂಟ್ ಎಂಬ ಹೆಸರು ಬೀಳುವುದೂ ಇಲ್ಲೇ. ನಾಲ್ಕನೇ ಸನ್ನಿವೇಶಕ್ಕೆ ಅದು ಸಲೀಸಾಗಿ ಹೊಂದುತ್ತದೆ. ಮೂರನೆಯದಕ್ಕೆ ಮಾತ್ರ ಜನ ಸೋಲೊ ಆರಿಸುತ್ತಾರೆ: "ಅವರೇನು ಅಕೌಂಟೆಂಟ್ ಅಲ್ಲವಲ್ಲ, ಒಬ್ಬರೇ ಮಾಲೀಕರು." ಇದಕ್ಕಿಂತ ತಮಾಷೆಯ ತಪ್ಪು ಇನ್ನೊಂದು ದಿಕ್ಕಿನಿಂದ ಬರುತ್ತದೆ. "ನಮ್ಮಲ್ಲೂ ಒಬ್ಬ ಅಕೌಂಟೆಂಟ್ ಇದ್ದಾರೆ, ಹಾಗಾದರೆ ಇದೇ ನಮಗೆ." ಒಂದೇ ಕಂಪನಿ, ಒಬ್ಬ ಗುಮಾಸ್ತ, ಕೈಯಲ್ಲಿ ಅತ್ಯಂತ ದುಬಾರಿ ಪ್ಲಾನ್. ಮೊದಲ ತಿಂಗಳು ವರಮಾನ ಏರಿದಂತೆ ಕಾಣುತ್ತದೆ, ಮೂರನೇ ತಿಂಗಳು ಅವರು ಹಣ ವಾಪಸ್ ಕೇಳುತ್ತಾರೆ.

ಬಳಸುವವರ ಹೆಸರಿನ ದೌರ್ಬಲ್ಯವೇ ಇದು. ಹೆಸರಿನಲ್ಲಿ ತನ್ನನ್ನು ಕಾಣದವರು ಪ್ಲಾನ್ ತಮಗೆ ಸೇರಿದ್ದಲ್ಲ ಎಂದುಕೊಳ್ಳುತ್ತಾರೆ, ಹೆಸರಿನ ಪದ ತಮ್ಮ ಬದುಕಿನಲ್ಲಿ ಎಲ್ಲೋ ಇರುವವರು ತಮ್ಮದೇ ಎಂದುಕೊಳ್ಳುತ್ತಾರೆ. ವೃತ್ತಿಯ ಹೆಸರಿನಲ್ಲಿ ಇದು ಹೆಚ್ಚು, ಒಬ್ಬರು ಅಥವಾ ತಂಡ ಎಂಬಂಥ ಗಾತ್ರದ ಹೆಸರಿನಲ್ಲಿ ಕಡಿಮೆ. ಹಾಗಾಗಿ ನಾಲ್ಕನೆಯದಕ್ಕೆ ಮಲ್ಟಿ-ಕಂಪನಿ ಎಂದಿಟ್ಟು ಅದೇ ಸನ್ನಿವೇಶಗಳನ್ನು ಹೊಸ ಜನರಿಗೆ ಓದಬೇಕು. ಕೇಳಲು ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ಬೇಲಿ ಹೆಸರಿನಲ್ಲೇ ಇದೆ: ಎರಡನೇ ಕಂಪನಿ ಇದೆಯೇ, ಇಲ್ಲವೇ. ಫ್ರೀ, ಸೋಲೊ, ಟೀಮ್, ಮಲ್ಟಿ-ಕಂಪನಿ. ಮೂರು ವ್ಯಾಪಾರದ ಮಾಲೀಕರು ಈಗ ತಮ್ಮ ಚೀಟಿ ತಾವೇ ಎತ್ತಿಕೊಳ್ಳುತ್ತಾರೆ.

ಒಂದು ಮಿತಿ ನೆನಪಿರಲಿ. ಹತ್ತು ಜನರ ಪರೀಕ್ಷೆ ದೊಡ್ಡ ಗೊಂದಲವನ್ನು ಹಿಡಿಯುತ್ತದೆ. ಎರಡು ಒಳ್ಳೆಯ ಹೆಸರುಗಳಲ್ಲಿ ಯಾವುದು ಹೆಚ್ಚು ಮಾರಾಟ ತರುತ್ತದೆ ಎಂದು ಅದು ಹೇಳಲಾರದು.

ಹೆಸರು ಇರುವ ಕಡೆಯಲ್ಲೆಲ್ಲ ಓದಿ ನೋಡಿ

ಬೆಲೆಪಟ್ಟಿಯಲ್ಲಿ ಚೆನ್ನಾಗಿ ಕಾಣುವ ಹೆಸರು ಸಾಫ್ಟ್‌ವೇರಿನ ಒಳಗೆ ಹೋದಾಗ ಬೇರೆ ಪದಕ್ಕೆ ಡಿಕ್ಕಿ ಹೊಡೆಯುತ್ತದೆ. ಟೀಮ್ ಇದಕ್ಕೆ ಕುಖ್ಯಾತ. ನಮ್ಮ ಬಿಲ್ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಮೊದಲೇ 'ಟೀಮ್' ಎಂಬ ಪುಟವಿದೆ ಎಂದುಕೊಳ್ಳಿ, ಬಳಕೆದಾರರ ಪಟ್ಟಿ ತೋರಿಸುವ ಪುಟ. ಅದು ಸೋಲೊದಲ್ಲೂ ಕಾಣುತ್ತದೆ, ಒಂದೇ ಹೆಸರಿರುತ್ತದೆ. ಗ್ರಾಹಕರು ಬರೆಯುತ್ತಾರೆ: "ನನಗೆ ಟೀಮ್ ಕಾಣುತ್ತಿದೆ, ಆದರೆ ಟೀಮ್ ಇಲ್ಲ ಎನ್ನುತ್ತಿದೆ." ಓದಿದವರಿಗೆ ತಲೆಬುಡ ತಿಳಿಯದು, ಆದರೆ ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಪುಟದ ಹೆಸರನ್ನು 'ಬಳಕೆದಾರರು' ಎಂದು ಬದಲಿಸಿದರೆ ಜಗಳ ಮುಗಿಯುತ್ತದೆ. ಪ್ಲಾನ್‌ನ ಹೆಸರನ್ನೋ ಪುಟದ ಹೆಸರನ್ನೋ, ಯಾವುದಾದರೂ ಒಂದನ್ನು ಬದಲಿಸಲೇಬೇಕು.

ಹೆಸರು ಕಾಣಿಸಿಕೊಳ್ಳುವ ಜಾಗಗಳನ್ನು ಒಂದೊಂದಾಗಿ ತೆರೆದು, ಹೊಸ ಹೆಸರು ಹಾಕಿ ಓದಿ. ಹಣ ಕಟ್ಟಿದ ರಸೀದಿ, "ಇದಕ್ಕೆ ಇಂಥ ಪ್ಲಾನ್ ಬೇಕು" ಎಂಬ ಸೂಚನೆ, ಚಂದಾ ಮುಗಿಯುತ್ತಿದೆ ಎಂಬ ಇಮೇಲ್, ಫೋನಿನ ಮಾತು. ಫೋನಿನಲ್ಲಿ ಹೇಳಿ ನೋಡಿದಾಗ ಪ್ರೊ ಪ್ಲಾನ್ ಮತ್ತು ಗ್ರೋ ಪ್ಲಾನ್ ಒಂದೇ ಥರ ಕೇಳಿಸುತ್ತವೆ. ರಸೀದಿಯಲ್ಲಿ ಹೆಸರು ಬೆಲೆಪಟ್ಟಿಯ ಸಹವಾಸವಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ, ಅದನ್ನು ಓದುವವರು ಕೊಂಡವರಲ್ಲ, ಲೆಕ್ಕ ವಿಭಾಗದವರು. "ಟೀಮ್, 5 ಬಳಕೆದಾರರು, ಮಾಸಿಕ" ಎಂದಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ.

ಬೇರೆ ಭಾಷೆಯಲ್ಲೂ ಮಾರುವುದಾದರೆ ಅಲ್ಲೂ ಓದಿಸಿ. ಬಿಸಿನೆಸ್ ಮತ್ತು ಎಂಟರ್‌ಪ್ರೈಸ್ ಎರಡನ್ನೂ ಕನ್ನಡಕ್ಕೆ ತಂದರೆ 'ಉದ್ಯಮ' ಎಂದೇ ಆಗಿಬಿಡುತ್ತದೆ, ಎರಡು ಪ್ಲಾನ್ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಇಂಥ ಕಡೆ ಹೆಸರನ್ನು ಅನುವಾದಿಸದೆ ಹಾಗೇ ಬಿಟ್ಟು, ಅದರ ಕೆಳಗೆ ಬೇಲಿಯ ವಾಕ್ಯವನ್ನು ಆ ಭಾಷೆಯಲ್ಲಿ ಬರೆಯುವುದು ಮೇಲು. ನಿಜ ಹೇಳಬೇಕೆಂದರೆ ಎಲ್ಲ ಭಾಷೆಯಲ್ಲೂ ಆ ವಾಕ್ಯ ಇರಲೇಬೇಕು. "ಒಬ್ಬರು ಬಿಲ್ ಮಾಡುವ ಕಡೆಗೆ." "5 ಜನರವರೆಗೆ ಬಿಲ್ ಮಾಡುವ ಕಡೆಗೆ." ಹೆಸರು ಮುಗಿದಲ್ಲಿ ಆ ವಾಕ್ಯ ಶುರುವಾಗಲಿ. ಎಂಟು ಪದ ದಾಟಿದರೆ ಕತ್ತರಿಸಿ.

ಕೋಡ್‌ನಲ್ಲಿ ಹೆಸರು ಬರೆಯಬೇಡಿ

ಇದು ಪ್ರೋಗ್ರಾಮರ್‌ಗಳಿಗೆ, ಉಳಿದವರು ಮುಂದಿನ ಭಾಗಕ್ಕೆ ಹಾರಬಹುದು. ಹೆಸರು ಬದಲಿಸುವುದು ಕಷ್ಟವಾಗುವುದು ಹೆಚ್ಚಾಗಿ ಇಂಥ ಸಾಲಿನಿಂದ:

```js
if (plan.name === "Pro") showApproval();
```

ಪ್ರೊ ಟೀಮ್ ಆದ ದಿನ ಒಪ್ಪಿಗೆಯ ಗುಂಡಿ ಎಲ್ಲರಿಗೂ ಮಾಯವಾಗುತ್ತದೆ. ಪ್ಲಾನ್‌ಗೆ ಅರ್ಥವಿಲ್ಲದ ಒಂದು ಗುರುತು ಕೊಡಿ, ತೋರಿಸುವ ಹೆಸರು ಬೇರೆ ಇರಲಿ, ಸೌಲಭ್ಯವನ್ನು ಸೌಲಭ್ಯದ ಹೆಸರಿನಿಂದಲೇ ಕೇಳಿ:

```js
const plan = {
  id: "p_03",
  rank: 30,
  label: "Team",
  can: ["approve_invoice"]
};
if (plan.can.includes("approve_invoice")) showApproval();
```

`rank` ಅನ್ನು 10, 20, 30 ಎಂದು ಅಂತರ ಬಿಟ್ಟು ಕೊಟ್ಟರೆ ಮುಂದೆ ನಡುವೆ ಒಂದು ಪ್ಲಾನ್ ತೂರಿಸಬಹುದು. `id` ಅನ್ನು ಯಾವ ಕಾರಣಕ್ಕೂ ಬದಲಿಸಬೇಡಿ.

ಹಳೆಯ ಗ್ರಾಹಕರಿಗೆ ಹೊಸ ಹೆಸರು

ಮಾರಾಟ ಶುರುವಾದ ಮೇಲೆ ಹೆಸರು ಬದಲಿಸುವಾಗ ಒಂದು ಹುಷಾರಿ ಎಲ್ಲಕ್ಕಿಂತ ದೊಡ್ಡದು: ಒಂದು ಪ್ಲಾನ್ ಬಿಟ್ಟ ಹೆಸರನ್ನು ಇನ್ನೊಂದಕ್ಕೆ ಕೊಡಬೇಡಿ. ಮೈಕ್ರೋಸಾಫ್ಟ್ 2020ರ ಏಪ್ರಿಲ್ 21ರಂದು ಇದನ್ನೇ ಮಾಡಿತು. ಅಲ್ಲಿಯವರೆಗೆ ಆಫೀಸ್ 365 ಬಿಸಿನೆಸ್ ಪ್ರೀಮಿಯಂ ಎನಿಸಿಕೊಂಡಿದ್ದ ಪ್ಲಾನ್ ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್ ಆಯಿತು. ಅದಕ್ಕಿಂತ ಮೇಲಿದ್ದ, ಬರಿದೇ ಮೈಕ್ರೋಸಾಫ್ಟ್ 365 ಬಿಸಿನೆಸ್ ಎನ್ನುತ್ತಿದ್ದ ಪ್ಲಾನ್ ಅದೇ ದಿನ ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಆಯಿತು. ಬಿಸಿನೆಸ್ ಎಸೆನ್ಷಿಯಲ್ಸ್ ಬಿಸಿನೆಸ್ ಬೇಸಿಕ್ ಆಯಿತು. ಹೊಸಬರ ಕಣ್ಣಿಗೆ ಇದು ಒಳ್ಳೆಯ ಕೆಲಸವೇ: ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಎಂಬ ಚೊಕ್ಕ ಮೆಟ್ಟಿಲು. ಹಳಬರ ಕಥೆ ಬೇರೆ. "ನಮ್ಮದು ಬಿಸಿನೆಸ್ ಪ್ರೀಮಿಯಂ" ಎಂದು ಯಾರಾದರೂ ಹೇಳಿದರೆ ಏಪ್ರಿಲ್ 21ಕ್ಕೆ ಮುಂಚಿನ ಮಾತೋ ನಂತರದ್ದೋ ಎಂದು ಕೇಳಬೇಕು. ಹಳೆಯ ಲೇಖನ, ಹಳೆಯ ಖರೀದಿ ಪತ್ರ ಎಲ್ಲವೂ ಒಂದೇ ದಿನದಲ್ಲಿ ಬೇರೆ ಸರಕಿನ ಕಡೆ ಬೆರಳು ತೋರಿಸತೊಡಗಿದವು.

ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನ ತೊಡಕು ಇನ್ನೊಂದು ಬಗೆಯದಾಗಿತ್ತು. ಅವರ ಸರ್ವರ್‌ನಲ್ಲಿ ಬಳಸಿದರೆ ಬ್ರಾಂಜ್, ಸಿಲ್ವರ್, ಗೋಲ್ಡ್. ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ಸ್ಟಾರ್ಟರ್, ಪ್ರೀಮಿಯಂ, ಅಲ್ಟಿಮೇಟ್. ಮೆಟ್ಟಿಲು ಒಂದೇ, ಹೆಸರು ಎರಡೆರಡು. 2021ರಲ್ಲಿ ಕೆಳಗಿನ ಬ್ರಾಂಜ್–ಸ್ಟಾರ್ಟರ್ ಜೋಡಿಯನ್ನು ನಿಲ್ಲಿಸಿ, ಎರಡೂ ಕಡೆಗೆ ಫ್ರೀ, ಪ್ರೀಮಿಯಂ, ಅಲ್ಟಿಮೇಟ್ ಎಂದು ಒಂದೇ ಸಾಲು ಮಾಡಿದರು. ಇಲ್ಲಿ ಪ್ರೀಮಿಯಂ ಎಂಬ ಹೆಸರು ತನ್ನ ಜಾಗದಲ್ಲೇ ಉಳಿಯಿತು, ಸಿಲ್ವರ್‌ನವರು ಅದರೊಳಗೆ ಬಂದರು. ಹಳೆಯ ದಾಖಲೆಯಲ್ಲಿ ಸಿಲ್ವರ್ ಎಂದಿದ್ದರೆ ಅದಕ್ಕೆ ಇಂದಿಗೂ ಒಂದೇ ಅರ್ಥ.

ನಮ್ಮ ಬಿಲ್ ಸಾಫ್ಟ್‌ವೇರ್‌ನಲ್ಲಿ ಹೀಗೆ ಮಾಡಬಹುದು. ಲೈಟ್, ಪ್ಲಸ್, ಪ್ರೊ, ಮ್ಯಾಕ್ಸ್ ಎಂಬ ನಾಲ್ಕೂ ಹೆಸರುಗಳು ಶಾಶ್ವತವಾಗಿ ನಿವೃತ್ತ, ಮುಂದೆ ಯಾವ ಪ್ಲಾನ್‌ಗೂ ಇಲ್ಲ. ಒಂದು ವರ್ಷ, ಅಂದರೆ ವಾರ್ಷಿಕ ಚಂದಾದವರೆಲ್ಲ ಒಮ್ಮೆ ನವೀಕರಿಸುವವರೆಗೆ, ರಸೀದಿಯಲ್ಲಿ ಮತ್ತು ಖಾತೆಯ ಪುಟದಲ್ಲಿ "ಟೀಮ್ (ಹಿಂದಿನ ಪ್ರೊ)" ಎಂದಿರಲಿ. ಬೆಲೆ ಏರಿಸುವ ಯೋಚನೆ ಇದ್ದರೆ ಅದನ್ನು ಹೆಸರಿನ ಜೊತೆ ಸೇರಿಸಬೇಡಿ, ಕೆಲವು ತಿಂಗಳು ಮುಂದಕ್ಕೆ ಹಾಕಿ. ಒಟ್ಟಿಗೆ ಬಂದರೆ ಹೆಸರು ಬದಲಿಸಿದ್ದೇ ಬೆಲೆ ಏರಿಕೆಯನ್ನು ಮರೆಮಾಡಲು ಎಂದು ಎಲ್ಲರೂ ಓದಿಕೊಳ್ಳುತ್ತಾರೆ, ಹಲವು ಸಲ ಅದು ನಿಜವೂ ಆಗಿರುತ್ತದೆ.

ಪತ್ರ ಮೂರು ಸಾಲು ಸಾಕು: "ನಿಮ್ಮ ಪ್ರೊ ಪ್ಲಾನ್‌ನ ಹೆಸರು ಮುಂದಿನ ತಿಂಗಳ 1ರಿಂದ ಟೀಮ್ ಎಂದಾಗುತ್ತದೆ. ಬೆಲೆ, ಬಳಕೆದಾರರ ಸಂಖ್ಯೆ, ಸೌಲಭ್ಯ ಯಾವುದೂ ಬದಲಾಗುವುದಿಲ್ಲ. ನೀವು ಏನೂ ಮಾಡಬೇಕಿಲ್ಲ." ಇದನ್ನು ಲೆಕ್ಕದ ಇಮೇಲ್ ವಿಳಾಸಕ್ಕೂ ಕಳಿಸಿ. ಪ್ಲಾನ್ ಆರಿಸಿದವರು ಹೆಸರು ಬದಲಾದದ್ದನ್ನು ಗಮನಿಸದೆಯೂ ಇರಬಹುದು, ಪ್ರತಿ ತಿಂಗಳು ಹಣ ಕಟ್ಟುವವರು ಗಮನಿಸುತ್ತಾರೆ.